ಹಳೇ ಚಲನ್ ಒಂದನ್ನು ಹಿಡಿದು ಹೊರಡಿ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು 40 ಜನರ ಮಷೀನ್ ಶಾಪ್. ಸ್ಟಾಕ್, ಬಿಲ್, ಅಕೌಂಟ್ಸ್ ಎಲ್ಲ ಒಂದೇ ಕಡೆ ನೋಡುವ ಇಆರ್‌ಪಿ ಸಾಫ್ಟ್‌ವೇರ್ ಹಾಕಿಸುತ್ತಿದ್ದೇವೆ. ಈಗ ಕೆಲಸ ಹೇಗೆ ನಡೆಯುತ್ತಿದೆ ಅಂತ ಮೊದಲು ಬಿಪಿಎಂಎನ್ ಚಿತ್ರ, ಅಂದ್ರೆ ಕೆಲಸದ ಹಂತಗಳನ್ನು ಗೊತ್ತಾದ ಗುರುತು, ಬಾಣಗಳಲ್ಲಿ ತೋರಿಸುವ ಚಿತ್ರ ಬರೆಯಬೇಕು ಅಂತಾರೆ ಕನ್ಸಲ್ಟೆಂಟ್. ಹೇಗೂ ಹಳೇ ಪದ್ಧತಿ ಬಿಡೋದೇ ಅಲ್ವಾ? ಬರೆದು ಏನು ಲಾಭ? ಬರೆಯಲೇಬೇಕು ಅಂದ್ರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಎಲ್ಲವನ್ನೂ ಬರೆಯಲು ಹೋಗಬೇಡಿ. ಗೇಟು ದಾಟಿ ಹೋಗಿ ಮತ್ತೆ ವಾಪಸ್ ಬರುವ ಮಾಲಿನಿಂದ ಶುರು ಮಾಡಿ. ಮಷೀನ್ ಶಾಪ್ ಅಂದಮೇಲೆ ಪ್ಲೇಟಿಂಗ್‌ಗೆ ಕಳಿಸುವ ಜಾಬ್‌ವರ್ಕ್ ಇದ್ದೇ ಇರುತ್ತದೆ. ಹೊಸ ಸಾಫ್ಟ್‌ವೇರ್ ಬಂದಮೇಲೆ ಸ್ಟಾಕ್ ಲೆಕ್ಕ ತಪ್ಪುವುದನ್ನು ನಾನು ಜಾಸ್ತಿ ನೋಡಿರುವುದು ಅಲ್ಲೇ.

ಮೀಟಿಂಗ್ ಕರೆದು ಕೇಳಿದರೆ ಎಲ್ಲರೂ ನಿಯಮ ಹೇಳುತ್ತಾರೆ, ನಡೆದದ್ದನ್ನಲ್ಲ. ಅದಕ್ಕೇ ಹೋದ ತಿಂಗಳು ಮುಗಿದ ಒಂದು ಡೆಲಿವರಿ ಚಲನ್, ಅಂದರೆ ಪ್ಲೇಟಿಂಗ್‌ಗೆ ಹೋದ ಮಾಲಿನ ಜೊತೆ ಕಳಿಸಿದ ಚೀಟಿ ಎತ್ತಿಕೊಳ್ಳಿ. ಅದನ್ನು ಹಿಡಿದು ಸ್ಟೋರು, ಸೆಕ್ಯುರಿಟಿ, ಕ್ವಾಲಿಟಿ, ಅಕೌಂಟ್ಸ್ ಎಲ್ಲರ ಹತ್ತಿರ ಹೋಗಿ. 'ಹೇಗೆ ಮಾಡ್ತೀರಿ?' ಅನ್ನಬೇಡಿ. 'ಈ ಚಲನ್ ಬಂದಾಗ ಏನು ಮಾಡಿದ್ರಿ?' ಅಂತ ಕೇಳಿ.

ಒಂದು ಉದಾಹರಣೆ ನೋಡೋಣ. ಚಲನ್‌ನಲ್ಲಿ 500 ಪೀಸ್ ಹೋಗಿವೆ. ಮೊದಲು 320 ಬಂದವು, ವಾರ ಬಿಟ್ಟು 160. ಉಳಿದ 20 ಪತ್ತೆಯಿಲ್ಲ. ಆ 160ರಲ್ಲಿ 12 ಪೀಸಿನ ಪ್ಲೇಟಿಂಗ್ ಎದ್ದಿತ್ತು, ವಾಪಸ್ ಕಳಿಸಿದರು. ಯಾವ ಚಲನ್ ಮೇಲೆ? ಸ್ಟೋರಿನವರು ಹಳೇ ಚಲನ್ ಮೇಲೇ ಪೆನ್ನಿನಲ್ಲಿ 'ರೀವರ್ಕ್' ಅಂತ ಬರೆದು ಕಳಿಸಿದ್ದಾರೆ. ಹೊಸ ಚಲನ್ ಆಗಿದೆ ಅಂತ ಅಕೌಂಟ್ಸ್‌ನವರು ನಂಬಿಕೊಂಡಿದ್ದಾರೆ. ಇನ್ನೊಂದು ವಿಷಯ, ಆ 320ರಲ್ಲಿ 50 ಪೀಸ್ ರಾತ್ರಿ ಆಟೋದಲ್ಲಿ ಬಂದು ನೇರ ಅಸೆಂಬ್ಲಿಗೆ ಹೋಗಿದ್ದವು. ಸ್ಟೋರಿನಲ್ಲಿ ಎಂಟ್ರಿ ಆದದ್ದು ಮಾರನೇ ದಿನ.

ಈಗ ಚಿತ್ರ. ನಿಮ್ಮ ಫ್ಯಾಕ್ಟರಿ ಒಂದು ದೊಡ್ಡ ಚೌಕ, ಅದಕ್ಕೆ ಪೂಲ್ ಅನ್ನುತ್ತಾರೆ. ಒಳಗೆ ಒಬ್ಬೊಬ್ಬರಿಗೆ ಒಂದೊಂದು ಲೇನ್. ಪ್ಲೇಟಿಂಗ್‌ನವರದು ಬೇರೆ ಪೂಲ್, ಅದನ್ನು ಖಾಲಿ ಬಿಡಿ. ಅವರ ಒಳಗಿನ ಕೆಲಸ ನಿಮ್ಮ ಕೈಯಲ್ಲಿಲ್ಲ. ಎರಡು ಪೂಲ್ ನಡುವೆ ತುಂಡು ಗೆರೆಯ ಬಾಣ ಮಾತ್ರ ಹೋಗಬಹುದು, ಪೂರ್ತಿ ಗೆರೆ ದಾಟಬಾರದು. ಆ ಬಾಣ ದಾಟುವ ಕಡೆಯಲ್ಲೆಲ್ಲ ಇಆರ್‌ಪಿಯಲ್ಲಿ ಒಂದು ದಾಖಲೆ ಬೇಕು. ಅಲ್ಲಿರುವ ಮಾಲು ಇನ್ನೂ ನಿಮ್ಮದೇ ಆದ್ದರಿಂದ ಪ್ಲೇಟಿಂಗ್‌ನವರ ಹೆಸರಿನಲ್ಲಿ ಒಂದು ಸ್ಟಾಕ್ ಲೊಕೇಶನ್ ಕೂಡ ಬೇಕು.

ರಾತ್ರಿ ಬಂದ 50 ಪೀಸಿನ ದಾರಿಯನ್ನೂ ಬರೆಯಿರಿ. ನಾಚಿಕೆ ಬೇಡ. ಮಾಲು ಬಂದ ಮೇಲೆ ಒಂದು ವಜ್ರಾಕೃತಿ, ಒಳಗೆ X, ಮೇಲೆ 'ಅರ್ಜೆಂಟಾ?' ಅನ್ನುವ ಪ್ರಶ್ನೆ. ಹೌದಾದರೆ ಅಸೆಂಬ್ಲಿ, ಇಲ್ಲವಾದರೆ ಎಣಿಕೆ ಮತ್ತು ಕ್ವಾಲಿಟಿ. ತಪ್ಪಾಗುವುದು ಇವೆರಡು ದಾರಿ ಮತ್ತೆ ಕೂಡುವಲ್ಲಿ. ಬಹಳ ಜನ ಅಲ್ಲಿ + ಗುರುತು ಹಾಕುತ್ತಾರೆ. X ಅಂದರೆ ಒಂದೇ ದಾರಿ. + ಅಂದರೆ ಎಲ್ಲ ದಾರಿಯಿಂದಲೂ ಬರುವವರೆಗೆ ಕಾಯುವುದು.

ಪರೀಕ್ಷೆ ಸುಲಭ. ಶುರುವಿನ ವೃತ್ತದ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಬಾಣದ ಹಾದಿಯಲ್ಲಿ ತಳ್ಳುತ್ತಾ ಹೋಗಿ. Xನಲ್ಲಿ ಅದು ಒಂದೇ ಕಡೆ ಹೋಗುತ್ತದೆ. +ನ ಹತ್ತಿರ ಬಂದು ನಿಂತುಬಿಡುತ್ತದೆ, ಇನ್ನೊಂದು ದಾರಿಯಿಂದ ಬರುವ ನಾಣ್ಯವೇ ಇಲ್ಲ. + ಇರುವ ಆ ಚಿತ್ರವನ್ನೇ ನೋಡಿ ಇಆರ್‌ಪಿಯಲ್ಲಿ ಅಪ್ರೂವಲ್ ಹೊಂದಿಸಿದರೆ ಅರ್ಜೆಂಟ್ ಮಾಲಿನ ಎಂಟ್ರಿ 'ಪೆಂಡಿಂಗ್' ಅಂತಲೇ ಕೂತಿರುತ್ತದೆ. ಎರಡೂ ಕಡೆ X ಹಾಕಿ.

ಆ 20 ಪೀಸಿನ ಕಥೆಗೆ ಬರೋಣ. ಜಾಬ್‌ವರ್ಕ್‌ಗೆ ಕಳಿಸಿದ ಇನ್‌ಪುಟ್ ಮಾಲು ಸಾಮಾನ್ಯವಾಗಿ 1 ವರ್ಷದೊಳಗೆ ವಾಪಸ್ ಬರಬೇಕು, ಅಥವಾ ಅಲ್ಲಿಂದಲೇ ಮಾರಾಟವಾಗಬೇಕು ಅನ್ನುತ್ತದೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್. ಇಲ್ಲವಾದರೆ ಕಳಿಸಿದ ದಿನವೇ ಮಾರಿದ್ದೀರಿ ಅಂತ ಲೆಕ್ಕ. ಬಿಪಿಎಂಎನ್‌ನಲ್ಲಿ ಇಂಥ ಗಡುವಿಗೆ ಗಡಿಯಾರ ಇರುವ ವೃತ್ತ ಇದೆ. ಆದರೆ ನಿಮ್ಮಲ್ಲಿ ಈಗ ಯಾರೂ ದಿನ ಎಣಿಸುತ್ತಿಲ್ಲವಾದರೆ ಅದನ್ನು ಹಾಕಬೇಡಿ. ಅಲ್ಲಿ ಕೆಂಪು ಪೆನ್ನಿನಲ್ಲಿ 'ನೋಡುವವರಿಲ್ಲ' ಅಂತ ಬರೆಯಿರಿ. ಹೊಸ ಪದ್ಧತಿಯ ಚಿತ್ರದಲ್ಲಿ ಗಡಿಯಾರ ಬರಲಿ. ಈಗ ಇರುವುದು, ಮುಂದೆ ಬೇಕಾದದ್ದು ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಿದರೆ ಏನು ಹೊಸದಾಗಿ ಕಟ್ಟಬೇಕು ಅನ್ನುವುದೇ ಕಾಣುವುದಿಲ್ಲ.

ಚಿತ್ರದಲ್ಲಿ ಸಿಗದ ಒಂದು ವಿಷಯ ಇದೆ. ನೀವು ಕಳಿಸುವುದು ನಂಬರ್ ಲೆಕ್ಕದಲ್ಲಿ. ಪ್ಲೇಟಿಂಗ್‌ನವರು ಬಿಲ್ ಮಾಡುವುದು ಎಷ್ಟೋ ಕಡೆ ಕೆಜಿ ಲೆಕ್ಕದಲ್ಲಿ. ಅಳತೆ, ಐಟಂ ಕೋಡ್ ಇವನ್ನೆಲ್ಲ ಬಾಣ ಹೇಳುವುದಿಲ್ಲ. 'ಮಾಲು ಬಂತು' ಅನ್ನುವ ಡಬ್ಬಿಯ ಪಕ್ಕ ಒಂದು ಟಿಪ್ಪಣಿ ಅಂಟಿಸಿ: ಬರುವಾಗ ತೂಕ ಹಾಕುವವರು ಯಾರು, ಒಂದು ಪೀಸ್ ಎಷ್ಟು ಗ್ರಾಂ ಅನ್ನುವುದು ಯಾರ ಹತ್ತಿರ ಇದೆ. ಅದು ಸ್ಟೋರ್ ಕೀಪರ್ ಜೇಬಿನ ಡೈರಿಯಲ್ಲಿದ್ದರೆ, ಡೈರಿ ಅಂತಲೇ ಬರೆಯಿರಿ.