ಎಲ್ಲದರಲ್ಲೂ ಸೋಂಕೇ, ಆದರೆ ಯಾವ ಸೋಂಕು?

ಪ್ರಶ್ನೆ: "ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಕಡಿಮೆ ಇರುವ ಮಕ್ಕಳಲ್ಲಿ ಬಿ ಸೆಲ್, ಟಿ ಸೆಲ್, ಫ್ಯಾಗೊಸೈಟ್, ಕಾಂಪ್ಲಿಮೆಂಟ್ ಇವುಗಳಲ್ಲಿ ಯಾವುದು ಕೆಟ್ಟಿದೆ ಅಂತ ಹೇಗೆ ಗೊತ್ತಾಗುತ್ತೆ? ಎಲ್ಲದರಲ್ಲೂ ಬರೋದು ಸೋಂಕೇ ಅಲ್ವಾ?"

ನಾನು ಫ್ಲೋ ಸೈಟೊಮೆಟ್ರಿ ಲ್ಯಾಬಿನಲ್ಲಿ, ಅಂದರೆ ರಕ್ತಕಣಗಳನ್ನು ಒಂದೊಂದಾಗಿ ಬೆಳಕಿನಲ್ಲಿ ಹಾಯಿಸಿ ಅಳೆಯುವ ಕಡೆ, ಕೆಲಸ ಮಾಡುತ್ತೇನೆ. ರಕ್ತದ ಟ್ಯೂಬಿನ ಜೊತೆ ಬರುವ ಚೀಟಿಯಲ್ಲಿ ನಾನು ಮೊದಲು ಹುಡುಕುವುದು ಎರಡು ವಿಷಯ. ಕಲ್ಚರ್‌ನಲ್ಲಿ ಯಾವ ರೋಗಾಣು ಬೆಳೆಯಿತು? ಮಗು ಮೊದಲ ಸಲ ಕಾಯಿಲೆ ಬಿದ್ದಾಗ ಎಷ್ಟು ವಯಸ್ಸು? ಅರ್ಧ ಉತ್ತರ ಅಲ್ಲೇ ಇರುತ್ತದೆ.

ನಾಲ್ಕು ವರ್ಷದ ಒಬ್ಬ ಹುಡುಗನ ಚೀಟಿ ನೆನಪಿದೆ. ಲಿವರ್‌ನಲ್ಲಿ ಕೀವು ಕಟ್ಟಿತ್ತು. ಆ ಕೀವಿನಲ್ಲಿ ಬೆಳೆದದ್ದು ಸ್ಟೆಫೈಲೊಕಾಕಸ್ ಆರಿಯಸ್. ಎರಡು ವರ್ಷದ ಹಿಂದೆ ಕುತ್ತಿಗೆಯ ಗಂಟು ಕೀವಾಗಿ, ಕುಯ್ದು ತೆಗೆದಿದ್ದರು. ಆಗ ಯಾರೋ ರಕ್ತದಲ್ಲಿರುವ ಮುಖ್ಯ ಪ್ರತಿಕಾಯವಾದ ಐಜಿಜಿ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿದ್ದರು. ಜಾಸ್ತಿಯೇ ಬಂದಿತ್ತು. ಹಾಗಾಗಿ 'ರೋಗನಿರೋಧಕ ಶಕ್ತಿ ಚೆನ್ನಾಗಿದೆ' ಅಂತ ಬರೆದು ಕಳಿಸಿದ್ದರು.

ಆ ಪರೀಕ್ಷೆ ಹೇಳಿದ್ದು ಬಿ ಸೆಲ್ ಕಥೆ ಮಾತ್ರ. ಬಿ ಸೆಲ್ ಇಲ್ಲದಿದ್ದರೆ ಪ್ರತಿಕಾಯ ತಯಾರಾಗುವುದಿಲ್ಲ, ಐಜಿಜಿ ತೀರಾ ಕೆಳಗಿರುತ್ತದೆ. ಅಂಥ ಮಗು ಮೊದಲ ಕೆಲವು ತಿಂಗಳು ತಾಯಿಯಿಂದ ಬಂದ ಪ್ರತಿಕಾಯದ ಬಲದಲ್ಲಿ ಆರಾಮಾಗಿಯೇ ಇರುತ್ತದೆ. ಅದು ಕರಗಿದ ಮೇಲೆ, ಸಾಮಾನ್ಯವಾಗಿ ಆರು ತಿಂಗಳ ನಂತರ, ಕಿವಿ ಸೋರುವುದು, ನ್ಯುಮೋನಿಯಾ ಶುರು. ನ್ಯುಮೊಕಾಕಸ್‌ನಂಥ ಬ್ಯಾಕ್ಟೀರಿಯಾ ಪದೇ ಪದೇ ಸಿಗುತ್ತವೆ. ನಮ್ಮ ಹುಡುಗನ ಐಜಿಜಿ ಏರಿದ್ದು ಮೈ ಬಿಡದೆ ಹೋರಾಡುತ್ತಿದ್ದರಿಂದ.

ಟಿ ಸೆಲ್ ಪೂರ್ತಿ ಕೈಕೊಟ್ಟಿದ್ದರೆ ಕಥೆ ಇನ್ನೂ ಬೇಗ ಶುರುವಾಗುತ್ತದೆ. ಎರಡು ಮೂರು ತಿಂಗಳಿಗೇ ಬಾಯಲ್ಲಿ ವಾಸಿಯಾಗದ ಫಂಗಸ್, ನಿಲ್ಲದ ಭೇದಿ, ಏರದ ತೂಕ, ನ್ಯುಮೊಸಿಸ್ಟಿಸ್ ನ್ಯುಮೋನಿಯಾ. ಟಿ ಸೆಲ್ ಸಹಾಯವಿಲ್ಲದೆ ಬಿ ಸೆಲ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಚಿಕಿತ್ಸೆ ಇಲ್ಲದೆ ಆ ಮಗು ನಾಲ್ಕು ವರ್ಷ ಮುಟ್ಟುವುದೇ ಕಷ್ಟ.

ಕಾಂಪ್ಲಿಮೆಂಟ್ ಬೇರೆಯೇ ಜಾತಿ, ಅದು ಕಣವಲ್ಲ, ರೋಗಾಣುಗಳ ಮೇಲೆ ಎರಗುವ ರಕ್ತದ ಪ್ರೊಟೀನ್‌ಗಳ ಗುಂಪು. ಅದರ ಕೊನೆಯ ಭಾಗಗಳು, ಅಂದರೆ ಸಿ5ರಿಂದ ಸಿ9ರವರೆಗಿನವುಗಳಲ್ಲಿ ಒಂದಿಲ್ಲದಿದ್ದರೆ, ಉಳಿದಂತೆ ಗಟ್ಟಿಮುಟ್ಟಾದವರಿಗೆ ನೈಸೀರಿಯಾ ಅನ್ನುವ ಬ್ಯಾಕ್ಟೀರಿಯಾದಿಂದ ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಸೋಂಕು, ಮತ್ತೆ ಮತ್ತೆ ಬರುತ್ತದೆ. ಲಿವರ್‌ನಲ್ಲಿ ಕೀವಲ್ಲ.

ಉಳಿದದ್ದು ರೋಗಾಣುಗಳನ್ನು ನುಂಗಿ ಕೊಲ್ಲುವ ಕಣ, ಫ್ಯಾಗೊಸೈಟ್. ಇಲ್ಲೂ ಒಂದು ಸೂಕ್ಷ್ಮ ಇದೆ. ಹುಡುಗನಿಗೆ ಕೀವು ಆಗಿತ್ತು, ಅಂದರೆ ನ್ಯೂಟ್ರೋಫಿಲ್ ಅನ್ನುವ ಫ್ಯಾಗೊಸೈಟ್‌ಗಳು ಸೋಂಕಿನ ಜಾಗಕ್ಕೆ ಹೋಗಿ ಮುಟ್ಟಿದ್ದವು. ಕೆಲವು ಮಕ್ಕಳಲ್ಲಿ ಅವು ರಕ್ತನಾಳದ ಗೋಡೆಗೆ ಅಂಟಿಕೊಳ್ಳಲಾರವು, ಹಾಗಾಗಿ ಆಚೆ ಬರಲಾರವು. ಅಲ್ಲಿ ರಕ್ತದಲ್ಲಿ ನ್ಯೂಟ್ರೋಫಿಲ್ ರಾಶಿ ರಾಶಿ, ಗಾಯದಲ್ಲಿ ಕೀವೇ ಇಲ್ಲ. ಹೊಕ್ಕುಳಬಳ್ಳಿ ತಡವಾಗಿ ಉದುರುವುದೂ ಅದರ ಗುರುತು. ನಮ್ಮ ಹುಡುಗನ ಕಣಗಳು ಹೋಗುತ್ತವೆ, ನುಂಗುತ್ತವೆ, ಆದರೆ ನುಂಗಿದ್ದನ್ನು ಕೊಲ್ಲುವುದಿಲ್ಲ ಅನ್ನುವ ಅನುಮಾನ ಬಂತು. ಇದಕ್ಕೆ ಕ್ರಾನಿಕ್ ಗ್ರಾನ್ಯುಲೊಮಾಟಸ್ ಡಿಸೀಸ್ ಅಂತ ಹೆಸರು. ಕೊಲ್ಲಲು ಬೇಕಾದ ಆಮ್ಲಜನಕದ ರಾಸಾಯನಿಕಗಳನ್ನು ತಯಾರಿಸುವ ಎನ್‌ಎಡಿಪಿಎಚ್ ಆಕ್ಸಿಡೇಸ್ ಕಿಣ್ವ ಕೆಟ್ಟಿರುತ್ತದೆ.

ಪರೀಕ್ಷೆ ಸರಳ. ರಕ್ತಕ್ಕೆ ಡಿಎಚ್‌ಆರ್ ಅನ್ನುವ ಬಣ್ಣ ಹಾಕಿ, ಪಿಎಂಎ ಅನ್ನುವ ರಾಸಾಯನಿಕದಿಂದ ಕಣಗಳನ್ನು ಕೆರಳಿಸಿ, 37 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಡುತ್ತೇವೆ. ಕಿಣ್ವ ಕೆಲಸ ಮಾಡಿದರೆ ನ್ಯೂಟ್ರೋಫಿಲ್ ಹೊಳೆಯುತ್ತದೆ, ಸ್ಕ್ರೀನಿನ ಮೇಲಿನ ಗ್ರಾಫಿನ ಗುಡ್ಡ ಬಲಕ್ಕೆ ಸರಿಯುತ್ತದೆ. ಪಕ್ಕದಲ್ಲೇ ಆರೋಗ್ಯವಂತರೊಬ್ಬರ ರಕ್ತವೂ ಇರಲೇಬೇಕು. ಒಮ್ಮೆ ನಾನು ಎರಡು ದಿನ ಹಳೆಯ ಸ್ಯಾಂಪಲ್ ಹಾಕಿ, 'ಕಾಯಿಲೆ ಇದೆ' ಅಂತ ಬರೆಯಲು ಹೊರಟಿದ್ದೆ. ಅದರ ಜೊತೆಗೇ ತೆಗೆದು ಕಳಿಸಿದ್ದ ಆರೋಗ್ಯವಂತರ ಟ್ಯೂಬೂ ಅಷ್ಟೇ ಮಂಕಾಗಿತ್ತು. ಕಣಗಳು ಸುಸ್ತಾಗಿದ್ದವು ಅಷ್ಟೆ. ಇನ್ನೊಂದು ಮೋಸ ಎಂದರೆ ಮೈಲೊಪೆರಾಕ್ಸಿಡೇಸ್ ಕಿಣ್ವ ಪೂರ್ತಿ ಇಲ್ಲದವರಲ್ಲೂ ಈ ಹೊಳಪು ಕಡಿಮೆ ಬರಬಹುದು, ಕಾಯಿಲೆ ಇಲ್ಲದಿದ್ದರೂ.

ಈ ಸಲ ಸ್ಯಾಂಪಲ್ ತಾಜಾ. ಆರೋಗ್ಯವಂತರ ಗುಡ್ಡ ಬಲಕ್ಕೆ ಓಡಿತು. ಹುಡುಗನದ್ದು ಇದ್ದಲ್ಲೇ ಇತ್ತು. ತಾಯಿಯ ರಕ್ತ ತರಿಸಿದೆವು. ಅವರದ್ದು ಎರಡು ಗುಡ್ಡ: ಒಂದಿಷ್ಟು ಕಣ ಹೊಳೆಯುತ್ತವೆ, ಒಂದಿಷ್ಟು ಇಲ್ಲ. ಅಂದರೆ ದೋಷ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಅವರು ವಾಹಕಿ. ಅವರ ಮುಂದಿನ ಪ್ರತಿ ಗಂಡುಮಗುವಿಗೂ ಇದು ಬರುವ ಸಾಧ್ಯತೆ ಅರ್ಧಕ್ಕರ್ಧ.

ಅವರು ಆಗ ಏಳು ತಿಂಗಳ ಗರ್ಭಿಣಿ. ರಿಪೋರ್ಟಿನ ಕೊನೆಯಲ್ಲಿ ಒಂದು ಸಾಲು ಸೇರಿಸಿದೆವು: ಹುಟ್ಟುವ ಮಗು ಗಂಡಾದರೆ ಈ ಪರೀಕ್ಷೆ ಮುಗಿಯುವವರೆಗೆ ಬಿಸಿಜಿ ಲಸಿಕೆ ಕೊಡಬೇಡಿ. ಅದರಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ.