ಆ್ಯಪ್ ಹೇಳಿದ 12ನೇ ದಿನ

ಶಾಲಿನಿಗೆ 31 ವರ್ಷ. ಹೆಸರು ಬದಲಿಸಿದ್ದೇನೆ. ಮಗುವಿಗಾಗಿ ಪ್ರಯತ್ನ ಶುರುಮಾಡಿ 14 ತಿಂಗಳಾಗಿತ್ತು. ಜಯನಗರದ ನನ್ನ ಸಲಹಾ ಕೋಣೆಗೆ ಗಂಡನ ಜೊತೆ ಬಂದವರು ಕೂರುವ ಮೊದಲೇ ಎರಡು ಕಾಗದ ಮುಂದಿಟ್ಟರು. ಒಂದು ಬೆಳಗಿನ ಟೆಂಪರೇಚರ್ ಚಾರ್ಟ್, ಇನ್ನೊಂದು ಮುಟ್ಟಿನ ಚಕ್ರದ 21ನೇ ದಿನದ ಪ್ರೊಜೆಸ್ಟರಾನ್ ಹಾರ್ಮೋನಿನ ರಿಪೋರ್ಟ್.

"ಆ್ಯಪ್ ನೋಡಿದ್ರೆ 12ನೇ ದಿನಾನೇ ಓವ್ಯುಲೇಶನ್ ಆಗಿದೆ ಅನ್ನುತ್ತೆ. ಲ್ಯಾಬ್ ರಿಪೋರ್ಟ್ ನೋಡಿದ್ರೆ ಆಗೇ ಇಲ್ಲ ಅನ್ಸುತ್ತೆ. ಯಾವುದನ್ನ ನಂಬೋದು ಮೇಡಂ?"

ರಿಪೋರ್ಟಿನಲ್ಲಿ 1.8 ಎಂದಿತ್ತು. ಸಾಮಾನ್ಯವಾಗಿ 3ಕ್ಕಿಂತ ಹೆಚ್ಚಿದ್ದರೆ ಓವ್ಯುಲೇಶನ್, ಅಂದರೆ ಅಂಡ ಬಿಡುಗಡೆ, ಆಗಿದೆ ಎಂದು ಲೆಕ್ಕ. ಆ ಸಲದ ಮುಟ್ಟಿನ ಚಕ್ರ 33 ದಿನದ್ದು. ನಾನು ರಿಪೋರ್ಟನ್ನು ಪಕ್ಕಕ್ಕಿಟ್ಟು ಚಾರ್ಟನ್ನು ಕೈಗೆತ್ತಿಕೊಂಡೆ.

ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಏರುತ್ತದೆ. ಅದರಿಂದಾಗಿ ಎದ್ದ ಕೂಡಲೇ ನೋಡುವ ಮೈಬಿಸಿ ಸುಮಾರು ಅರ್ಧ ಡಿಗ್ರಿ ಫ್ಯಾರನ್‌ಹೀಟ್ ಮೇಲೇರಿ, ಮುಂದಿನ ಮುಟ್ಟಿನವರೆಗೂ ಅಲ್ಲೇ ನಿಲ್ಲುತ್ತದೆ. ಶಾಲಿನಿಯ ಚಾರ್ಟಿನಲ್ಲಿ 13, 14, 15ನೇ ದಿನ 97.9, 98.0, 97.9 ಇತ್ತು. ಸತತ ಮೂರು ದಿನದ ಏರಿಕೆ ಕಂಡ ಆ್ಯಪ್ 12ಕ್ಕೆ ಗೆರೆ ಎಳೆದಿತ್ತು. ಆದರೆ 16ಕ್ಕೆ ಅದು 97.2ಕ್ಕೆ ಬಿದ್ದಿತ್ತು. ನನ್ನ ಬೆರಳು ಅಲ್ಲೇ ನಿಂತಿತು. ಓವ್ಯುಲೇಶನ್ನಿನ ಏರಿಕೆ ಹೀಗೆ ಮೂರೇ ದಿನಕ್ಕೆ ಹಳೆಯ ಮಟ್ಟಕ್ಕೆ ಬಂದು ಕೂರುವುದಿಲ್ಲ.

"ಆ ಮೂರು ದಿನ ಎಲ್ಲಿದ್ರಿ?" ಎಂದೆ.

ಗಂಡ ಫೋನ್ ತೆಗೆದು ನೋಡಿದರು. ಮೈಸೂರಿನಲ್ಲಿ ನಾದಿನಿಯ ಮದುವೆ. ದಿನಾ ಆರೂವರೆಗೆ ಏಳುವ ಶಾಲಿನಿ ಆ ಮೂರು ದಿನವೂ ಒಂಬತ್ತರ ಮೇಲೆ ಎದ್ದಿದ್ದರು. ಹೊತ್ತೇರಿದಂತೆ ಮೈಬಿಸಿ ತಾನಾಗಿ ಏರುತ್ತದೆ, ಅದಕ್ಕೆ ಹಾರ್ಮೋನಿನ ಹಂಗಿಲ್ಲ. ಹಾಗಾಗಿ ಆ ಮೂರು ಅಂಕಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ ಲೆಕ್ಕದಿಂದ ಬಿಟ್ಟೆವು. ಒಂದು ಅಂಕಿಯನ್ನು ಬಿಡಬೇಕಾದರೆ ತಡವಾಗಿ ಎದ್ದದ್ದು, ಜ್ವರ, ನಿದ್ದೆಗೆಟ್ಟದ್ದು, ಹೀಗೆ ಆ ದಿನದ ಕಾರಣ ಕೈಯಲ್ಲಿರಲೇಬೇಕು. ಗೆರೆ ಚೆನ್ನಾಗಿ ಕಾಣಲಿ ಎಂದು ಬಿಟ್ಟರೆ ಯಾವ ಚಾರ್ಟಿನಲ್ಲೂ ನಮಗೆ ಬೇಕಾದ ಓವ್ಯುಲೇಶನ್ ಸಿಕ್ಕಿಬಿಡುತ್ತದೆ.

ಉಳಿದದ್ದನ್ನು ಮೂವರೂ ಸೇರಿ ಓದಿದೆವು. 11, 12, 16, 17, 18, 19ನೇ ದಿನದ ಆರು ಅಂಕಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನದು 97.4. ಆಮೇಲೆ 20ಕ್ಕೆ 97.7, 21ಕ್ಕೆ 97.8, 22ಕ್ಕೆ 97.9. ಓವ್ಯುಲೇಶನ್ ಆಗಿದೆ ಎನ್ನಲು ಸತತ ಮೂರು ಅಂಕಿ ಹಿಂದಿನ ಆರಕ್ಕಿಂತಲೂ ಮೇಲಿರಬೇಕು, ಮೂರನೆಯದು ಆ ಆರರ ಗರಿಷ್ಠಕ್ಕಿಂತ ಕನಿಷ್ಠ 0.4 ಡಿಗ್ರಿ ಹೆಚ್ಚಿರಬೇಕು. ಎರಡೂ ಸರಿಹೊಂದಿದವು. 24ಕ್ಕೆ ಒಂದು ದಿನ ಮಾತ್ರ 97.5ಕ್ಕೆ ಇಳಿದು ಮತ್ತೆ ಏರಿತ್ತು. ಅಂಥ ಒಂಟಿ ಇಳಿತದಿಂದ ಲೆಕ್ಕ ಕೆಡುವುದಿಲ್ಲ. ಅಂದರೆ ಅಂಡ ಬಿಡುಗಡೆಯಾದದ್ದು 19ರ ಆಸುಪಾಸಿಗೆ. ಒಂದೆರಡು ದಿನ ಹಿಂದೆಮುಂದೆ ಇರಬಹುದು, ಚಾರ್ಟ್ ಅದಕ್ಕಿಂತ ಖಚಿತವಾಗಿ ಹೇಳಲಾರದು.

ಲ್ಯಾಬ್ ರಿಪೋರ್ಟಿನ ಒಗಟೂ ಅಲ್ಲೇ ಬಿಡಿಸಿಕೊಂಡಿತು. ಪ್ರೊಜೆಸ್ಟರಾನ್ ನೋಡಬೇಕಾದದ್ದು ಓವ್ಯುಲೇಶನ್ ಆಗಿ ಏಳು ದಿನಕ್ಕೆ. 28 ದಿನದ ಚಕ್ರದವರಿಗೆ ಅದು 21ನೇ ದಿನ. ಇವರಿಗೆ 26ರ ಸುಮಾರಿಗೆ ರಕ್ತ ಕೊಡಬೇಕಿತ್ತು. ಎರಡೇ ದಿನಕ್ಕೆ ಕೊಟ್ಟ ರಕ್ತದಲ್ಲಿ ಹಾರ್ಮೋನ್ ಇನ್ನೂ ಏರುತ್ತಿದ್ದಿರಬೇಕು.

ಶಾಲಿನಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಹಾಗಾದ್ರೆ ನಾವು 15ರಿಂದ ನಿಲ್ಲಿಸಿಬಿಟ್ವಲ್ಲ ಮೇಡಂ" ಅಂದರು. ಆ್ಯಪ್ ಮುಗಿಯಿತು ಅಂದ ದಿನದಿಂದ ಇಬ್ಬರೂ ದೂರ ಇದ್ದರು. ಗರ್ಭ ನಿಲ್ಲಲು ಅವಕಾಶವಿರುವುದು ಅಂಡ ಬಿಡುಗಡೆಯ ದಿನವೂ ಸೇರಿ ಆರು ದಿನ. ಇವರ ಲೆಕ್ಕಕ್ಕೆ ಅದು 14ರಿಂದ 19.

ನಾನು ಹೇಳಿದ್ದು ಇಷ್ಟು. ಟೆಂಪರೇಚರ್ ಏರುವ ಹೊತ್ತಿಗೆ ಆ ದಿನಗಳು ಕಳೆದಿರುತ್ತವೆ, ಚಾರ್ಟ್ ಹಿಂದೆ ಆದದ್ದನ್ನು ಮಾತ್ರ ಹೇಳುತ್ತದೆ. ಮುಂದೆ ಬರುವುದನ್ನು ತಿಳಿಯಲು ಬಿಳಿ ಸ್ರಾವ ನೋಡಿ. ಹಸಿ ಮೊಟ್ಟೆಯ ಬಿಳಿಯಂತೆ ಜಾರಿಕೆಯಾಗಿ, ಎಳೆದರೆ ದಾರದಂತೆ ಬರುವ ದಿನಗಳಲ್ಲಿ ಜೊತೆಗಿರಿ, ಟೆಂಪರೇಚರ್ ಏರಿ ಮೂರು ದಿನ ಆಗುವವರೆಗೆ ನಿಲ್ಲಿಸಬೇಡಿ. ಜ್ವರದ ಥರ್ಮಾಮೀಟರ್ ಬಿಟ್ಟು, ದಶಮಾಂಶದ ನಂತರ ಎರಡು ಅಂಕಿ ತೋರಿಸುವುದನ್ನು ತಗೊಂಡು ದಿಂಬಿನ ಪಕ್ಕ ಇಡಿ. ಏಳುವ ಮುಂಚೆ, ನೀರು ಕುಡಿಯುವ ಮುಂಚೆ, ನಾಲಿಗೆಯ ಕೆಳಗೆ.

"ಭಾನುವಾರಾನೂ ಆರೂವರೆಗೇ ಏಳಬೇಕಾ?"

ಬೇಡ, ಮಲಗಿರಿ. ಎದ್ದ ಸಮಯ ಬರೆದಿಟ್ಟರೆ ಸಾಕು ಎಂದೆ.

ಇನ್ನೊಂದು ಮಾತಿಗೆ ಗಂಡನ ಕಡೆ ತಿರುಗಬೇಕಾಯಿತು. 14 ತಿಂಗಳಾದರೂ ಅವರ ವೀರ್ಯ ಪರೀಕ್ಷೆ ಆಗಿರಲಿಲ್ಲ. ವೀರ್ಯ ಹೇಗಿದೆ, ಗರ್ಭನಾಳ ತೆರೆದಿದೆಯೇ ಎಂಬುದು ಎಷ್ಟು ಚೆಂದದ ಚಾರ್ಟಿನಲ್ಲೂ ಕಾಣುವುದಿಲ್ಲ. ಒಂದು ವರ್ಷ ದಾಟಿದ ಮೇಲೆ ಇಬ್ಬರೂ ವೈದ್ಯರನ್ನು ಕಾಣಲೇಬೇಕು.

ಮುಂದಿನ ತಿಂಗಳು ಶಾಲಿನಿ ತಂದ ಚಾರ್ಟಿನಲ್ಲಿ ಎರಡು ಅಂಕಿಗೆ ಅವರೇ ಸುತ್ತು ಹಾಕಿದ್ದರು. ಒಂದರ ಪಕ್ಕ "8.50" ಎಂದೂ, ಇನ್ನೊಂದರ ಪಕ್ಕ "ನೆಗಡಿ" ಎಂದೂ ಬರೆದಿತ್ತು. ಏರಿಕೆ ಕಂಡು ಏಳನೇ ದಿನ ಕೊಟ್ಟ ರಕ್ತದಲ್ಲಿ ಪ್ರೊಜೆಸ್ಟರಾನ್ 9.4 ಬಂದಿತ್ತು. ಗಂಡನ ಪರೀಕ್ಷೆ ಮುಂದಿನ ಸೋಮವಾರಕ್ಕಿತ್ತು.