ವರ್ಷಾಂತ್ಯದ ರೌಂಡ್ ಫಿಗರ್ ಮಾರಾಟಗಳು

ಪ್ರಶ್ನೆ: ವರ್ಷ ಮುಗಿಯುವ ಮುಂಚೆ ಮಾರಾಟದ ಖಾತೆಯಲ್ಲಿ ರೌಂಡ್ ಫಿಗರ್ ಮೊತ್ತಗಳು ಕಂಡರೆ ಆಡಿಟರ್ ಏನು ಮಾಡುತ್ತಾರೆ? ನೀವು ಕಂಡ ಪ್ರಸಂಗವಿದ್ದರೆ ಹೇಳಿ.

ಪಂಪುಗಳನ್ನು ತಯಾರಿಸುವ ಕಂಪನಿಯೊಂದರ ಲೆಕ್ಕಪರಿಶೋಧನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಅಲ್ಲಿನ ಬಿಲ್ಲುಗಳೆಲ್ಲ 3,84,716 ಅಥವಾ 1,27,290 ಎಂಬಂತಹ ಮೊತ್ತಗಳಾಗಿದ್ದವು. ಪಂಪುಗಳ ಸಂಖ್ಯೆಯನ್ನು ದರದಿಂದ ಗುಣಿಸಿ, ರಿಯಾಯಿತಿ ಕಳೆದು, ಸಾಗಣೆ ವೆಚ್ಚ ಸೇರಿಸಿದಾಗ ಲೆಕ್ಕ ಹೀಗೆ ಚಿಲ್ಲರೆಯಲ್ಲಿ ನಿಲ್ಲುವುದೇ ಸಹಜ. ಆದರೆ ವರ್ಷದ ಕೊನೆಯ ಎರಡು ದಿನಗಳಲ್ಲಿ 25,00,000, 20,00,000, 15,00,000 ಮತ್ತು 10,00,000 ಎಂಬ ನಾಲ್ಕು ನಮೂದುಗಳಿದ್ದವು.

ರೌಂಡ್ ಫಿಗರ್ ಎಂಬ ಒಂದೇ ಕಾರಣಕ್ಕೆ ಯಾವ ನಮೂದನ್ನೂ ಸುಳ್ಳೆನ್ನಲಾಗದು. ಹತ್ತು ಲಕ್ಷದ ನಮೂದು ವಾರ್ಷಿಕ ನಿರ್ವಹಣಾ ಒಪ್ಪಂದದ ಶುಲ್ಕವಾಗಿತ್ತು. ಒಪ್ಪಂದದಲ್ಲಿಯೇ ಆ ಮೊತ್ತ ನಿಗದಿಯಾಗಿತ್ತು, ಸೇವೆಯೂ ಆ ವರ್ಷದಲ್ಲೇ ಮುಗಿದಿತ್ತು. ಉಳಿದ ಮೂರು ಮಾತ್ರ ಬಿಲ್ಲಿಂಗ್ ತಂತ್ರಾಂಶದಿಂದ ಬಂದವಲ್ಲ, ಜರ್ನಲ್ ವೋಚರ್ ಮೂಲಕ ಕೈಯಾರೆ ಹಾಕಿದವು. ಗ್ರಾಹಕರ ಖಾತೆಗೆ ಡೆಬಿಟ್, ಮಾರಾಟಕ್ಕೆ ಕ್ರೆಡಿಟ್; ದಾಸ್ತಾನಿನಲ್ಲಿ ಒಂದು ಪಂಪೂ ಕಡಿಮೆಯಾಗಿರಲಿಲ್ಲ. ಅಂತರರಾಷ್ಟ್ರೀಯ ಲೆಕ್ಕಪರಿಶೋಧನಾ ಮಾನದಂಡ 240 ಸಹ, ಅವಧಿಯ ಕೊನೆಯಲ್ಲಿ ಸರಿಯಾದ ವಿವರಣೆಯಿಲ್ಲದೆ ಹಾಕಿದ ನಮೂದುಗಳನ್ನೂ ರೌಂಡ್ ಫಿಗರ್ ನಮೂದುಗಳನ್ನೂ ವಂಚನೆಯ ಸಂಭವನೀಯ ಲಕ್ಷಣಗಳಲ್ಲಿ ಸೇರಿಸಿದೆ.

ವಿಚಾರಿಸಿದಾಗ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು, "ಸರ್, ಮಾಲು ಹೋಗಿದೆ, ಬಿಲ್ಲು ಮಾತ್ರ ಆಮೇಲೆ ಮಾಡ್ತೀವಿ" ಎಂದರು. ಮಾಲು ಹೋಗಿದ್ದರೆ ಅದರ ಗುರುತು ಲೆಕ್ಕಪತ್ರ ವಿಭಾಗದ ಹೊರಗೂ ಉಳಿದಿರಬೇಕು. ಆದ್ದರಿಂದ ನಾನು ಗೇಟಿನ ರಿಜಿಸ್ಟರ್ ತರಿಸಿದೆ. ಕಾವಲುಗಾರರು ಪ್ರತಿ ಲಾರಿಯ ನಂಬರ್, ಹೊರಟ ಹೊತ್ತು ಮತ್ತು ಚಲನ್ ಸಂಖ್ಯೆಯನ್ನು ಬಹಳ ಶ್ರದ್ಧೆಯಿಂದ ಬರೆದಿದ್ದರು. ಆ ಎರಡು ದಿನ ಹೊರಟ ಪ್ರತಿಯೊಂದು ಲಾರಿಗೂ ಅದರದೇ ಬಿಲ್ಲು ಸಿಕ್ಕಿತು. ಈ ಮೂವರು ಗ್ರಾಹಕರಿಗೆ ಹೋದ ಲಾರಿ ಒಂದೂ ಇರಲಿಲ್ಲ. ವರ್ಷದ ಕೊನೆಯ ದಿನ ನಮ್ಮ ಸಹಾಯಕರ ಎದುರಿನಲ್ಲೇ ಗೋದಾಮಿನ ಎಣಿಕೆ ನಡೆದಿದ್ದು, ಪುಸ್ತಕದ ದಾಸ್ತಾನಿಗೂ ಎಣಿಸಿದ ಪಂಪುಗಳಿಗೂ ವ್ಯತ್ಯಾಸವಿರಲಿಲ್ಲ.

ಮುಂದಿನ ವರ್ಷದ ಮೊದಲ ತಿಂಗಳ ಪುಸ್ತಕವನ್ನು ನೋಡುವುದು ಇಂತಹ ಸಂದರ್ಭದಲ್ಲಿ ಅತ್ಯಂತ ಉಪಯುಕ್ತ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಇಲ್ಲದ ಬಾಕಿ ವಸೂಲಾಗುವುದಿಲ್ಲ, ಅದನ್ನು ಎಂದಾದರೂ ಅಳಿಸಲೇಬೇಕು. ಎರಡನೆಯ ವಾರದಲ್ಲಿ "ಮಾಲು ವಾಪಸು" ಎಂಬ ಷರಾದೊಂದಿಗೆ, ಅವೇ ಮೂವರ ಹೆಸರಿನಲ್ಲಿ, ಅವೇ ಮೊತ್ತಗಳಿಗೆ ಕ್ರೆಡಿಟ್ ನೋಟುಗಳಿದ್ದವು. ವಾಪಸು ಬಂದ ಮಾಲಿನ ನಮೂದು ಗೇಟಿನ ರಿಜಿಸ್ಟರಿನಲ್ಲಿ ಇರಲಿಲ್ಲ. ಬಾಕಿಯನ್ನು ದೃಢಪಡಿಸುವಂತೆ ನಾವೇ ನೇರವಾಗಿ ಗ್ರಾಹಕರಿಗೆ ಬರೆದ ಪತ್ರಗಳಿಗೆ ಇಬ್ಬರು, ಅಂತಹ ಖರೀದಿಯೇ ನಡೆದಿಲ್ಲವೆಂದು ಉತ್ತರಿಸಿದರು.

ಕಾರಣ ಸಾಲದ ಕರಾರಿನಲ್ಲಿತ್ತು. ಸಾಲ ನವೀಕರಣಕ್ಕೆ ಬ್ಯಾಂಕು ಕನಿಷ್ಠ ವಾರ್ಷಿಕ ಮಾರಾಟದ ಷರತ್ತು ಹಾಕಿತ್ತು. ಈ 60 ಲಕ್ಷ ಸೇರಿದರೆ ಮಾತ್ರ ಕಂಪನಿ ಆ ಮಿತಿಯನ್ನು ದಾಟುತ್ತಿತ್ತು. ನಮೂದುಗಳನ್ನು ತೆಗೆಯದಿದ್ದರೆ ವರದಿಯಲ್ಲಿ ಆಕ್ಷೇಪ ದಾಖಲಿಸಬೇಕಾಗುತ್ತದೆ ಎಂದು ನಿರ್ದೇಶಕ ಮಂಡಳಿಗೆ ಲಿಖಿತವಾಗಿ ತಿಳಿಸಿದೆವು, ಅವರು ತೆಗೆದರು. ಪಂಪುಗಳು ದಾಸ್ತಾನಿನಲ್ಲೇ ಉಳಿದಿದ್ದರಿಂದ ಈ ಮಾರಾಟಕ್ಕೆ ವೆಚ್ಚವೇ ತೋರಿಸಿರಲಿಲ್ಲ. ಹಾಗಾಗಿ ತೆರಿಗೆಗೆ ಮುಂಚಿನ ಲಾಭವೂ ಪೂರ್ತಿ 60 ಲಕ್ಷದಷ್ಟೇ ಇಳಿಯಿತು.